ಪಕ್ಕದ ಹೊಲಿಗೆ ಹೊಟ್ಟೆಯ ಮೇಲೆ ಬರುವುದೇಕೆ?

ನಿಮ್ಮಲ್ಲಿ ಟೀ ಶರ್ಟ್ ಹಾಕಿಕೊಂಡು ಬಂದವರು ಒಂದು ಸಲ ಎದ್ದು ನಿಂತು ಪಕ್ಕದ ಹೊಲಿಗೆ ಎಲ್ಲಿದೆ ನೋಡಿಕೊಳ್ಳಿ. ಕಂಕುಳ ಹತ್ತಿರ ಅದು ಸರಿಯಾದ ಜಾಗದಲ್ಲೇ ಇರುತ್ತದೆ. ಅಲ್ಲಿಂದ ಬೆರಳಿಟ್ಟು ಕೆಳಗೆ ಬನ್ನಿ. ಕೆಲವರದು ನೇರವಾಗಿ ಸೊಂಟದ ಪಕ್ಕಕ್ಕೆ ಇಳಿಯುತ್ತದೆ. ಇನ್ನು ಕೆಲವರದು ನಿಧಾನವಾಗಿ ಮುಂದಕ್ಕೆ ಸರಿದು ಹೊಟ್ಟೆಯ ಮೇಲೆ ಬಂದು ನಿಲ್ಲುತ್ತದೆ. ಅಂಥವರ ಇನ್ನೊಂದು ಬದಿಯ ಹೊಲಿಗೆ ಬೆನ್ನಿನ ಕಡೆ ಹೋಗಿರುತ್ತದೆ. ಅಂಗಡಿಯಲ್ಲಿ ತಂದಾಗ ಹೀಗಿರಲಿಲ್ಲ ಅಲ್ವಾ? ಒಂದೋ ಎರಡೋ ಸಲ ಒಗೆದ ಮೇಲೆ ಆದದ್ದು.

ನಾನು ಬೆಂಗಳೂರಿನ ಗಾರ್ಮೆಂಟ್ಸ್‌ಗಳಲ್ಲಿ ಬಟ್ಟೆ ಪರೀಕ್ಷೆಯ ಲ್ಯಾಬ್ ಕೆಲಸ ಮಾಡಿಕೊಂಡು ಬಂದವನು. ಈ ದೂರು ಬಂದಾಗಲೆಲ್ಲ ಮೊದಲ ಬೈಗುಳ ಬೀಳುವುದು ಹೊಲಿಯುವವರಿಗೆ. ಹೊಲಿಗೆ ತಾನೇ ಸೊಟ್ಟ ಕಾಣುವುದು, ಅದಕ್ಕೆ. ಒಂದು ಕಡೆ ನಾನಿದ್ದಾಗ ಓವರ್‌ಲಾಕ್ ಮಿಷನ್ನಿನ ಮುಂದೆ ಕೂತಿದ್ದ ಒಬ್ಬ ಅಕ್ಕ, ಮೇಲಿನವರಿಂದ ಚೆನ್ನಾಗಿ ಬೈಸಿಕೊಂಡ ಮೇಲೆ, ನನ್ನ ಹತ್ತಿರ ಬಂದು ಹೇಳಿದರು: "ಸರ್, ನಾನು ನೇರವಾಗೇ ಹೊಲಿದಿದ್ದೀನಿ. ಬಟ್ಟೆನೇ ತಿರುಗಿಕೊಳ್ತಾ ಇದೆ." ಅವರು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಆ ಆರ್ಡರಿನ ಕಥೆಯನ್ನು ಆಮೇಲೆ ಪೂರ್ತಿ ಹೇಳುತ್ತೇನೆ. ಅದಕ್ಕೆ ಮೊದಲು ನೂಲನ್ನು ಕೈಯಲ್ಲಿ ಹಿಡಿದು ನೋಡಬೇಕು.

ಬಾಗಿಲಲ್ಲಿ ನಿಮಗೆಲ್ಲ ಒಂದು ಮೊಳದಷ್ಟು ನೂಲು ಕೊಟ್ಟಿದ್ದಾರೆ. ಇದು ಟೀ ಶರ್ಟ್ ಹೆಣೆಯುವ 30ರ ಹತ್ತಿ ನೂಲು, ಒಂದೇ ಎಳೆಯದು. 30 ಅನ್ನುವುದು ನೂಲಿನ ನಂಬರ್, ಅದು ಹೆಚ್ಚಾದಷ್ಟೂ ನೂಲು ಸಣ್ಣ. ಎರಡೂ ತುದಿ ಹಿಡಿದು ಬಿಗಿಯಾಗಿ ಎಳೆಯಿರಿ. ಈಗ ತುದಿಗಳನ್ನು ಬಿಡದೆ ಎರಡೂ ಕೈಗಳನ್ನು ನಿಧಾನವಾಗಿ ಹತ್ತಿರ ತನ್ನಿ. ನಡುವೆ ಏನಾಯಿತು? ನೂಲು ಸುಮ್ನೆ ಜೋತು ಬೀಳಲಿಲ್ಲ. ತನ್ನ ಸುತ್ತ ತಾನೇ ಹಾವಿನ ಹಾಗೆ ಸುತ್ತಿಕೊಂಡಿತು. ದೀಪದ ಬತ್ತಿ ಹೊಸೆದವರಿಗೆ ಇದು ಗೊತ್ತು. ಹತ್ತಿಯನ್ನು ತೊಡೆಯ ಮೇಲೆ ಹೊಸೆದು ಉದ್ದ ಎಳೆ ಮಾಡಿ, ಅದನ್ನು ನಡುವೆ ಮಡಿಸಿದರೆ ಎರಡು ಭಾಗವೂ ತಾವಾಗಿಯೇ ಒಂದನ್ನೊಂದು ಸುತ್ತಿಕೊಳ್ಳುತ್ತವೆ.

ಇನ್ನೊಂದು ಪೊಟ್ಟಣದಲ್ಲಿ ಸಾಮಾನ್ಯ ಹೊಲಿಗೆ ದಾರ ಇದೆ. ಅದರಲ್ಲೂ ಹೀಗೇ ಮಾಡಿ. ಅದು ಸುತ್ತಿಕೊಳ್ಳುವುದಿಲ್ಲ, ಅಥವಾ ಬಹಳ ಕಡಿಮೆ. ಎರಡೂ ದಾರವೇ, ಆದರೆ ನಡವಳಿಕೆ ಬೇರೆ. ಹೊಲಿಗೆ ದಾರದ ಗುಟ್ಟಿಗೆ ಕೊನೆಯ ಹೊತ್ತಿಗೆ ಬರುತ್ತೇನೆ.

ಮೊದಲ ನೂಲು ಯಾಕೆ ಸುತ್ತಿಕೊಂಡಿತು? ಹತ್ತಿಯ ಒಂದೊಂದು ಎಳೆ, ಅಂದರೆ ಒಂದೊಂದು ನಾರು, ಮೂರು ಸೆಂಟಿಮೀಟರ್‌ನಷ್ಟು ಉದ್ದ ಇರುತ್ತದೆ. ಅಂಥ ಚಿಕ್ಕ ಎಳೆಗಳು ಸೇರಿ ಕಿಲೋಮೀಟರ್‌ಗಟ್ಟಲೆ ನೂಲಾಗಬೇಕಾದರೆ ಅವುಗಳಿಗೆ ಹುರಿ ಹಾಕಬೇಕು. ಹುರಿ ಬಿದ್ದಾಗ ಎಳೆಗಳು ಒಂದನ್ನೊಂದು ಒತ್ತಿ ಹಿಡಿಯುತ್ತವೆ, ನೂಲಿಗೆ ಬಲ ಬರುತ್ತದೆ. ಆದರೆ ನೆಟ್ಟಗೆ ಇರಬೇಕಾದ ಎಳೆಯನ್ನು ನಾವು ಬಲವಂತವಾಗಿ ಬಗ್ಗಿಸಿ ತಿರುಚಿದ್ದೇವೆ. ಅದು ವಾಪಸು ಬಿಚ್ಚಿಕೊಳ್ಳಲು ಕಾಯುತ್ತಲೇ ಇರುತ್ತದೆ. ಸುತ್ತಿಟ್ಟ ಸ್ಪ್ರಿಂಗಿನ ಹಾಗೆ. ನೂಲಿನೊಳಗೆ ಉಳಿದುಕೊಂಡ ಈ ತಿರುಗುವ ಬಲವೇ ಇವತ್ತಿನ ಕಥೆಯ ಮೂಲ.

ಹುರಿಗೆ ದಿಕ್ಕೂ ಇದೆ. ಇಂಗ್ಲಿಷಿನ ಝಡ್ ಅಕ್ಷರದ ನಡುವಿನ ಗೆರೆ ಎಡಗಡೆ ಕೆಳಗಿಂದ ಬಲಗಡೆ ಮೇಲಕ್ಕೆ ಹೋಗುತ್ತದೆ. ನೂಲನ್ನು ನೆಟ್ಟಗೆ ಹಿಡಿದು ನೋಡಿದಾಗ ಎಳೆಗಳು ಹಾಗೆ ಓರೆಯಾಗಿ ಕಂಡರೆ ಅದು ಝಡ್ ಹುರಿ. ಅದರ ಉಲ್ಟಾ ಆದರೆ ಎಸ್ ಹುರಿ. ಗಿರಣಿಗಳಿಂದ ಬರುವ ಒಂಟಿ ಎಳೆಯ ಹತ್ತಿ ನೂಲು ಬಹುಪಾಲು ಝಡ್ ಹುರಿಯದು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇನ್ನು ಹೆಣಿಗೆಗೆ ಬರೋಣ. ನೇಯ್ದ ಬಟ್ಟೆಯಲ್ಲಿ ನೂಲುಗಳು ಹೆಚ್ಚುಕಡಿಮೆ ನೇರವಾಗಿ ಮಲಗಿರುತ್ತವೆ. ಉದ್ದದ ನೂಲನ್ನು ಅಡ್ಡದ ನೂಲು ಮೇಲೆ ಕೆಳಗೆ ಒತ್ತಿ ಹಿಡಿದಿರುತ್ತದೆ. ತಿರುಗಬೇಕೆಂದರೂ ಜಾಗ ಇಲ್ಲ. ಹೆಣೆದ ಬಟ್ಟೆ ಹಾಗಲ್ಲ. ಅಲ್ಲಿ ನೂಲು ಕುಣಿಕೆ ಕುಣಿಕೆಯಾಗಿ ಬಾಗಿರುತ್ತದೆ. ಒಂದು ಕುಣಿಕೆಯೊಳಗಿಂದ ಮೇಲಿನ ಕುಣಿಕೆ ಹೊರಬರುತ್ತದೆ, ಅದರೊಳಗಿಂದ ಇನ್ನೊಂದು. ಟೀ ಶರ್ಟಿನ ಹೊರಮೈಯನ್ನು ಹತ್ತಿರದಿಂದ ನೋಡಿದರೆ ಚಿಕ್ಕ ಚಿಕ್ಕ ಬಾಣದ ಗುರುತಿನಂಥವು ಒಂದರ ಮೇಲೊಂದು ಕೂತು ಕಂಬದ ಹಾಗೆ ಮೇಲಕ್ಕೆ ಹೋಗುವುದು ಕಾಣುತ್ತದೆ. ಹೆಣಿಗೆಯವರು ಈ ಕಂಬಕ್ಕೆ ವೇಲ್ ಅನ್ನುತ್ತಾರೆ, ಅಡ್ಡ ಸಾಲಿಗೆ ಕೋರ್ಸ್ ಅನ್ನುತ್ತಾರೆ. ನಾನು ಕಂಬ, ಸಾಲು ಅಂತಲೇ ಹೇಳುತ್ತೇನೆ.

ಈಗ ಒಂದು ಕುಣಿಕೆಯ ಲೆಕ್ಕ ಹಾಕೋಣ. ಹೆಣಿಗೆಗೆಂದು ಮಾಡಿದ 30ರ ನೂಲಿನಲ್ಲಿ ಇಂಚಿಗೆ ಸುಮಾರು 19 ಹುರಿ ಇರುತ್ತದೆ. ಒಂದು ಕುಣಿಕೆಗೆ ಹೋಗುವ ನೂಲು ಸುಮಾರು 2.7 ಮಿಲಿಮೀಟರ್. ಅಂದರೆ ಒಂದೊಂದು ಕುಣಿಕೆಯೊಳಗೂ ಎರಡು ಪೂರ್ತಿ ಸುತ್ತಿನ ಹುರಿ ಅಡಗಿ ಕೂತಿದೆ. ಅದಕ್ಕೆ ಬಿಚ್ಚಿಕೊಳ್ಳುವ ಆಸೆ. ಆದರೆ ಕುಣಿಕೆಯ ಎರಡೂ ಕಾಲುಗಳನ್ನು ಕೆಳಗಿನ ಕುಣಿಕೆ ಹಿಡಿದಿದೆ, ತಲೆಯನ್ನು ಮೇಲಿನದು ಹಿಡಿದಿದೆ. ನೂಲು ತನ್ನಷ್ಟಕ್ಕೆ ಬಿಚ್ಚಿಕೊಳ್ಳುವ ಹಾಗಿಲ್ಲ. ಆಗ ಅದು ಇನ್ನೊಂದು ದಾರಿ ಹುಡುಕುತ್ತದೆ. ಇಡೀ ಕುಣಿಕೆಯೇ ಸ್ವಲ್ಪ ತಿರುಗಿ ನಿಲ್ಲುತ್ತದೆ. ಒಂದು ಕಾಲು ಬಟ್ಟೆಯ ಮೈಯಿಂದ ಮುಂದಕ್ಕೆ ಬರುತ್ತದೆ, ಇನ್ನೊಂದು ಹಿಂದಕ್ಕೆ ಹೋಗುತ್ತದೆ. ಅರ್ಧ ತೆರೆದ ಬಾಗಿಲಿನ ಹಾಗೆ.

ಭೂತಗನ್ನಡಿ ಇದ್ದರೆ ಮನೆಯಲ್ಲಿ ನೋಡಿ. ತಿರುಗಿಕೊಂಡ ಟೀ ಶರ್ಟಿನಲ್ಲಿ ಬಾಣದ ಎರಡು ಕಾಲು ಸಮವಾಗಿ ಕಾಣುವುದಿಲ್ಲ. ಒಂದು ಕಾಲು ದಪ್ಪಗೆ ಎದ್ದು ಕಾಣುತ್ತದೆ, ಇನ್ನೊಂದು ಅದರ ಪಕ್ಕದಲ್ಲಿ ಅಡಗಿರುತ್ತದೆ.

ಒಂದು ಕುಣಿಕೆ ತಿರುಗಿದರೆ ಏನೂ ಆಗುವುದಿಲ್ಲ. ತೊಂದರೆ ಏನೆಂದರೆ, ಸಾದಾ ಹೆಣಿಗೆಯಲ್ಲಿ, ಅಂದರೆ ಸಿಂಗಲ್ ಜೆರ್ಸಿಯಲ್ಲಿ, ಎಲ್ಲ ಕುಣಿಕೆಗಳೂ ಒಂದೇ ಕಡೆ ಮುಖ ಮಾಡಿರುತ್ತವೆ. ನೂಲೂ ಒಂದೇ ಹುರಿಯದು. ಹಾಗಾಗಿ ಎಲ್ಲವೂ ಒಂದೇ ಕಡೆಗೆ ತಿರುಗುತ್ತವೆ. ಪ್ರತಿ ಕುಣಿಕೆಯೂ ತನ್ನ ಮೇಲಿನದನ್ನು ಕೂದಲೆಳೆಯಷ್ಟು ಪಕ್ಕಕ್ಕೆ ದೂಡುತ್ತದೆ. ಕೂದಲೆಳೆಯಷ್ಟು ಅಂದದ್ದು ಬರೀ ಮಾತಿಗಲ್ಲ. ಟೀ ಶರ್ಟಿನ ಕಂಕುಳಿಂದ ಅಂಚಿನವರೆಗಿನ ಉದ್ದ ಹಾಗೂ ಅದರ ಮೇಲಿನ ಭುಜದ ಭಾಗ ಸೇರಿ 65 ಸೆಂಟಿಮೀಟರ್ ಅಂತ ಇಟ್ಟುಕೊಳ್ಳಿ. ಸೆಂಟಿಮೀಟರಿಗೆ 20 ಸಾಲು ಇದ್ದರೆ ಒಂದು ಕಂಬದಲ್ಲಿ 1300 ಕುಣಿಕೆ ಆಯಿತು. ಒಂದೊಂದು 0.04 ಮಿಲಿಮೀಟರ್ ಸರಿದರೆ ಸಾಕು, ಒಟ್ಟು 5 ಸೆಂಟಿಮೀಟರ್ ದಾಟುತ್ತದೆ. ನಮ್ಮ ತಲೆಗೂದಲು ಸಾಮಾನ್ಯವಾಗಿ ಇದಕ್ಕಿಂತ ದಪ್ಪ.

ಝಡ್ ಹುರಿಯ ನೂಲಾದರೆ ಕಂಬಗಳು ಝಡ್ ಅಕ್ಷರದ ಗೆರೆಯ ಹಾಗೆಯೇ ಬಲಕ್ಕೆ ವಾಲುತ್ತವೆ. ಇದನ್ನು ಮೈಮೇಲೆ ಹಾಕಿಕೊಂಡಾಗ ಏನಾಗುತ್ತದೆ ಯೋಚಿಸಿ. ಎದುರಿಗೆ ನಿಂತವರಿಗೆ ಕಂಬ ಮೇಲೆ ಹೋಗುತ್ತಾ ಬಲಕ್ಕೆ ವಾಲಿದ್ದರೆ, ಕೆಳಗೆ ಬರುತ್ತಾ ಎಡಕ್ಕೆ ಸರಿಯುತ್ತದೆ. ಹೊಲಿಗೆಯೂ ಕಂಬದ ಜೊತೆಗೇ ಹೋಗುತ್ತದೆ. ಹಾಕಿಕೊಂಡವರ ಎಡಬದಿಯ ಹೊಲಿಗೆ ಮುಂದಕ್ಕೆ ಬರುತ್ತದೆ, ಬಲಬದಿಯದು ಹಿಂದಕ್ಕೆ ಹೋಗುತ್ತದೆ. ಈಗ ಮತ್ತೆ ನಿಮ್ಮ ಹೊಲಿಗೆ ನೋಡಿಕೊಳ್ಳಿ. ತಿರುಗಿದವರಲ್ಲಿ ಹೆಚ್ಚಿನವರದು ಎಡಬದಿಯೇ ಮುಂದೆ ಬಂದಿದೆ ಅಲ್ವಾ? ಎಲ್ಲೋ ದೂರದ ಗಿರಣಿಯಲ್ಲಿ ಕದಿರು ಯಾವ ಕಡೆ ಸುತ್ತಿತು ಅನ್ನುವುದು ನಿಮ್ಮ ಹೊಟ್ಟೆಯ ಮೇಲೆ ಬರೆದಿದೆ. ನನಗೆ ಇಷ್ಟು ವರ್ಷವಾದರೂ ಇದು ಬೆರಗಿನ ಸಂಗತಿಯೇ.

ಸರಿ, ಬಲ ನೂಲಿನಲ್ಲಿ ಮೊದಲಿಂದಲೂ ಇದೆ. ಹಾಗಾದರೆ ಅಂಗಡಿಯಲ್ಲಿ ಬಟ್ಟೆ ನೇರವಾಗಿ ಯಾಕಿತ್ತು? ಒಗೆಯುವವರೆಗೂ ಅದು ಯಾಕೆ ಕಾಯಿತು?

ಹೆಣಿಗೆ ಮಿಷನ್ನಿನಿಂದ ಬಂದ ಬಟ್ಟೆ ಬಣ್ಣ ಹಾಕಿಸಿಕೊಂಡು ಒದ್ದೆಯಾಗಿ ಬರುತ್ತದಲ್ಲ, ಆಗಲೇ ಅದರ ಕಂಬಗಳು ವಾಲಿರುತ್ತವೆ. ಆಮೇಲೆ ಅದು ಸ್ಟೆಂಟರ್ ಅನ್ನುವ ಉದ್ದನೆಯ ಒಣಗಿಸುವ ಮಿಷನ್ನಿಗೆ ಹೋಗುತ್ತದೆ. ಅಲ್ಲಿ ಬಟ್ಟೆಯ ಎರಡೂ ಅಂಚನ್ನು ಮುಳ್ಳುಗಳು ಚುಚ್ಚಿ ಹಿಡಿದು, ಬೇಕಾದ ಅಗಲಕ್ಕೆ ಎಳೆದು, ಬಿಸಿಗಾಳಿಯೊಳಗೆ ಒಯ್ಯುತ್ತವೆ. ವಾಲಿದ ಕಂಬಗಳನ್ನೂ ಅಲ್ಲೇ ಎಳೆದು ನೇರ ಮಾಡಿಬಿಡುತ್ತಾರೆ. ಬಟ್ಟೆ ಹಾಗೆ ಎಳೆದ ಸ್ಥಿತಿಯಲ್ಲೇ ಒಣಗುತ್ತದೆ. ಹೊರಗೆ ಬಂದಾಗ ಕಂಬಗಳು ಗೀಟು ಎಳೆದ ಹಾಗೆ ನೇರ.

ಇಸ್ತ್ರಿ ಮಿಷನ್ನಿನಲ್ಲಿ ಕೂದಲು ನೇರ ಮಾಡಿಸಿಕೊಳ್ಳುತ್ತಾರಲ್ಲ, ಅದನ್ನು ನೆನಪಿಸಿಕೊಳ್ಳಿ. ಗುಂಗುರು ಕೂದಲು ಬಿಸಿಗೆ ನೆಟ್ಟಗಾಗುತ್ತದೆ, ಒಣಗಿರುವಷ್ಟು ಹೊತ್ತು ಹಾಗೇ ಇರುತ್ತದೆ. ತಲೆಗೆ ನೀರು ಹಾಕಿಕೊಂಡರೆ ಮತ್ತೆ ಗುಂಗುರು. ಹತ್ತಿಯಲ್ಲೂ ಹೆಚ್ಚುಕಡಿಮೆ ಅದೇ ಆಗುತ್ತದೆ. ಎಳೆಯ ಒಳಗಿನ ಅಣುಗಳ ನಡುವೆ ಹೈಡ್ರೋಜನ್ ಬಂಧ ಅನ್ನುವ ಸಣ್ಣ ಹಿಡಿತಗಳಿವೆ. ಒಣಗುವಾಗ ಬಟ್ಟೆ ಯಾವ ಆಕಾರದಲ್ಲಿದೆಯೋ ಆ ಆಕಾರದಲ್ಲಿ ಅವು ಬಿಗಿದುಕೊಳ್ಳುತ್ತವೆ. ನೀರು ಒಳಗೆ ಹೊಕ್ಕರೆ ಸಡಿಲವಾಗುತ್ತವೆ. ಅದರ ಜೊತೆಗೆ ಹತ್ತಿ ನೀರು ಕುಡಿದು ಉಬ್ಬುತ್ತದೆ. ದಪ್ಪಗಾದ ನೂಲಿನ ಸುತ್ತ ಎಳೆಗಳು ಇನ್ನೂ ಬಿಗಿಯಾಗಿ ಸುತ್ತಿಕೊಳ್ಳಬೇಕಾಗುತ್ತದೆ. ಬಿಚ್ಚಿಕೊಳ್ಳುವ ಬಲವೂ ಆಗ ಜಾಸ್ತಿ. ಮೇಲಿಂದ ವಾಶಿಂಗ್ ಮಿಷನ್ನು ಬಟ್ಟೆಯನ್ನು ಎತ್ತಿ ಎತ್ತಿ ಹಾಕುತ್ತದೆ. ಕುಣಿಕೆಗಳ ನಡುವೆ ತಿಕ್ಕಾಟದಿಂದ ಇದ್ದ ಹಿಡಿತವೂ ಕಳಚುತ್ತದೆ. ಹೀಗೆ ಸ್ಟೆಂಟರಿನಲ್ಲಿ ಕಟ್ಟಿಹಾಕಿದ್ದ ಬಟ್ಟೆ ನಿಮ್ಮ ಮನೆಯ ಬಕೆಟ್ಟಿನಲ್ಲಿ ಬಿಡುಗಡೆಯಾಗಿ ತನ್ನ ಸಹಜ ಓರೆಗೆ ಮರಳುತ್ತದೆ. ಹೆಚ್ಚಿನ ಪಾಲು ಮೊದಲ ಒಗೆತದಲ್ಲೇ ಮುಗಿಯುತ್ತದೆ. ಮುಂದಿನ ಮೂರು ನಾಲ್ಕು ಒಗೆತಗಳಲ್ಲಿ ಇನ್ನಷ್ಟು ಸರಿಯಬಹುದು. ಡ್ರೈಯರಿನಲ್ಲಿ ಉರುಳಿಸಿ ಒಣಗಿಸಿದರೆ ನೆರಳಿನಲ್ಲಿ ಹರಡಿ ಒಣಗಿಸಿದ್ದಕ್ಕಿಂತ ಜಾಸ್ತಿ ತಿರುಗುತ್ತದೆ.

ಬಟ್ಟೆ ನೇರವಾಗಿ ಕಂಡಾಗಲೇ ಕಟಿಂಗ್ ಟೇಬಲ್ಲಿನವರು ಪ್ಯಾಟರ್ನ್ ಇಟ್ಟು ಕತ್ತರಿಸುತ್ತಾರೆ. ಪಕ್ಕದ ಅಂಚನ್ನು ಕಂಬದ ಉದ್ದಕ್ಕೇ ಇಡುತ್ತಾರೆ. ಅವರ ಲೆಕ್ಕದಲ್ಲಿ ಅದು ಸರಿಯೇ. ಮುಂದಿನ ತುಂಡು, ಹಿಂದಿನ ತುಂಡು ಎರಡೂ ಆಯತ. ಒಗೆದ ಮೇಲೆ ಎರಡೂ ಆಯತಗಳು ಒಂದೇ ಕಡೆಗೆ ವಾಲಿದ ಚೌಕಟ್ಟುಗಳಾಗುತ್ತವೆ. ಹೊಲಿಗೆ ನಡುವೆ ಸಿಕ್ಕಿಕೊಂಡಿದೆ, ಅದೂ ವಾಲುತ್ತದೆ.

ಈಗ ಆ ಅಕ್ಕನ ಆರ್ಡರಿನ ಕಥೆ. ಹತ್ತಿಯ ಸಿಂಗಲ್ ಜೆರ್ಸಿ, 30ರ ಕೋಂಬ್ಡ್, ಅಂದರೆ ಬಾಚಿ ಗಿಡ್ಡ ಎಳೆ ತೆಗೆದ ನೂಲು, ಸಾದಾ ದುಂಡು ಕತ್ತಿನ ಟೀ ಶರ್ಟು. ಉದ್ದ 65 ಸೆಂಟಿಮೀಟರ್. ಕೊಳ್ಳುವವರ ಷರತ್ತು ಏನೆಂದರೆ, ಒಗೆದ ಮೇಲೆ ಹೊಲಿಗೆ ಸರಿಯುವುದು ಉದ್ದದ ಶೇಕಡ 5ರ ಒಳಗಿರಬೇಕು. ಅಂದರೆ ಸುಮಾರು ಮೂರು ಕಾಲು ಸೆಂಟಿಮೀಟರ್. ನಾವು ಹೊಲಿದ ಪೀಸ್ ಒಗೆದು ಒಣಗಿಸಿ ಅಳೆದೆವು. 5.5 ಸೆಂಟಿಮೀಟರ್ ಸರಿದಿತ್ತು. ಶೇಕಡ ಎಂಟೂವರೆ ಆಯಿತು. ಗದ್ದಲ ಶುರುವಾಯಿತು.

ಹೊಲಿಗೆಯದೇ ತಪ್ಪು ಅನ್ನುವ ಮಾತನ್ನು ಪರೀಕ್ಷೆ ಮಾಡುವುದು ಬಹಳ ಸುಲಭ. ಹೊಲಿಗೆಯೇ ಇಲ್ಲದ ಬಟ್ಟೆಯನ್ನು ಒಗೆದು ನೋಡಬೇಕು. ಅದೇ ರೋಲಿನಿಂದ ಒಂದು ದೊಡ್ಡ ತುಂಡು ತೆಗೆದುಕೊಂಡು ಅದರ ಮೇಲೆ ಒಗೆದರೂ ಹೋಗದ ಇಂಕಿನಲ್ಲಿ 25 ಸೆಂಟಿಮೀಟರಿನ ಚೌಕ ಬರೆದೆವು. ಒಂದು ಬದಿ ಕಂಬದ ಉದ್ದಕ್ಕೆ, ಇನ್ನೊಂದು ಸಾಲಿನ ಉದ್ದಕ್ಕೆ. ಚೌಕ ಸರಿಯಾಗಿದ್ದರೆ ಅದರ ಎರಡು ಕರ್ಣಗಳು, ಅಂದರೆ ಮೂಲೆಯಿಂದ ಮೂಲೆಗಿನ ಅಡ್ಡ ಗೆರೆಗಳು, ಸಮ ಇರುತ್ತವೆ. ಒಗೆದ ಮೇಲೆ ಅಳೆದರೆ ಒಂದು ಕರ್ಣ 37, ಇನ್ನೊಂದು 34 ಸೆಂಟಿಮೀಟರ್. ಲೆಕ್ಕ ಹೀಗೆ: ಎರಡರ ವ್ಯತ್ಯಾಸವನ್ನು ಎರಡರ ಮೊತ್ತದಿಂದ ಭಾಗಿಸಿ 200ರಿಂದ ಗುಣಿಸಬೇಕು.

```
200 × (37 − 34) ÷ (37 + 34) = 8.45
```

ಶೇಕಡ 8.45. ಟೀ ಶರ್ಟಿನಲ್ಲಿ ಸಿಕ್ಕಿದ್ದೂ ಎಂಟೂವರೆ. ಸೂಜಿಯೇ ಮುಟ್ಟದ ಬಟ್ಟೆ ಹೊಲಿದ ಬಟ್ಟೆಯಷ್ಟೇ ತಿರುಗಿತ್ತು. ಆ ಕಾಗದ ಹಿಡಿದುಕೊಂಡು ನಾನು ಮೊದಲು ಹೋದದ್ದು ಆ ಅಕ್ಕನ ಮಿಷನ್ನಿನ ಹತ್ತಿರ. ಈ ಪರೀಕ್ಷೆಗೆ ಲ್ಯಾಬೇ ಬೇಕೆಂದಿಲ್ಲ. ಸ್ಕೇಲು, ಪೆನ್ನು, ಒಂದು ಬಕೆಟ್ ನೀರು ಇದ್ದರೆ ಹೊಲಿಗೆ ಅಂಗಡಿಯವರೂ ಮಾಡಬಹುದು. ಬಟ್ಟೆ ಕತ್ತರಿಸುವ ಮೊದಲು ಮಾಡಬೇಕು, ಅಷ್ಟೇ.

ಇಲ್ಲಿ ಒಂದು ಮಾತು ಸೇರಿಸಬೇಕು. ಕತ್ತರಿಸುವವರ, ಹೊಲಿಯುವವರ ತಪ್ಪೇ ಇರುವುದಿಲ್ಲ ಅಂತಲ್ಲ. ಅದನ್ನು ಗುರುತಿಸುವ ಬಗೆ ಬೇರೆ. ಹೊಲಿಗೆಯ ಪಕ್ಕದ ಒಂದು ಕಂಬವನ್ನು ಗುಂಡುಪಿನ್ನಿನ ತುದಿಯಿಂದ ಅಂಚಿನಿಂದ ಕಂಕುಳವರೆಗೆ ಹಿಂಬಾಲಿಸಿ. ಕಂಬ ಮತ್ತು ಹೊಲಿಗೆ ಜೊತೆಜೊತೆಗೆ ಓರೆಯಾಗಿ ಹೋಗಿದ್ದರೆ ತಿರುಗಿದ್ದು ಬಟ್ಟೆ. ಹೊಲಿಗೆ ಕಂಬಗಳನ್ನು ದಾಟಿಕೊಂಡು ಹೋಗಿದ್ದರೆ ಕತ್ತರಿಸುವಾಗಲೇ ಓರೆಯಾಗಿದೆ. ಒಂದು ಬದಿಯ ಹೊಲಿಗೆ ಮಾತ್ರ ಸುಕ್ಕಾಗಿ ಎಳೆದುಕೊಂಡು ಇನ್ನೊಂದು ಸರಿ ಇದ್ದರೆ, ಹೊಲಿಯುವಾಗ ಒಂದು ತುಂಡು ಹೆಚ್ಚು ಎಳೆದದ್ದು ಇರಬಹುದು. ನೂಲು ಮಾಡುವ ತಿರುವಿನಲ್ಲಿ ಎರಡೂ ಬದಿ ಒಂದೇ ಸುತ್ತಿನಲ್ಲಿ ಹೋಗುತ್ತವೆ.

ಹೆಣಿಗೆ ಮಿಷನ್ನಿನ ಪಾಲೂ ಒಂದಿಷ್ಟು ಇದೆ. ಟೀ ಶರ್ಟ್ ಬಟ್ಟೆ ಹೆಣೆಯುವ ದುಂಡು ಮಿಷನ್ನಿನಲ್ಲಿ ಒಂದೇ ನೂಲು ಅಲ್ಲ, 90 ಕಡೆಯಿಂದ ನೂಲು ಬರುತ್ತಿರುತ್ತದೆ ಅಂತ ಇಟ್ಟುಕೊಳ್ಳಿ. ಒಂದು ಸುತ್ತು ಮುಗಿಯುವಷ್ಟರಲ್ಲಿ 90 ಸಾಲು ಹೆಣೆದಾಗಿರುತ್ತದೆ. ಸಾಲಿಗೆ ಅರ್ಧ ಮಿಲಿಮೀಟರ್ ಅಂದರೂ ನಾಲ್ಕೂವರೆ ಸೆಂಟಿಮೀಟರ್. ಅಂದರೆ ಪ್ರತಿ ಸಾಲೂ ಒಂದು ಸುತ್ತು ಬರುವಷ್ಟರಲ್ಲಿ ಅಷ್ಟು ಇಳಿದಿರುತ್ತದೆ, ತಿರುಗುಮೆಟ್ಟಿಲಿನ ಹಾಗೆ. ಬಟ್ಟೆಯ ಅಗಲ ನೂರ ಅರವತ್ತು ಎಪ್ಪತ್ತು ಸೆಂಟಿಮೀಟರ್ ಇದ್ದರೆ ಒಂದೂವರೆ ಡಿಗ್ರಿಯಷ್ಟು ಓರೆ. ಮಿಷನ್ ಯಾವ ಕಡೆ ತಿರುಗುತ್ತದೆ ಅನ್ನುವುದರ ಮೇಲೆ ಈ ಓರೆ ನೂಲಿನ ಓರೆಗೆ ಸೇರಬಹುದು, ಇಲ್ಲವೇ ಅದನ್ನು ಸ್ವಲ್ಪ ಕಳೆಯಬಹುದು. ನಮ್ಮ ಆರ್ಡರಿನ ಎಂಟೂವರೆ ಶೇಕಡ ಅಂದರೆ ಸುಮಾರು ಐದು ಡಿಗ್ರಿ. ಮಿಷನ್ನಿನ ಓರೆ ಒಂದರಿಂದಲೇ ಅಷ್ಟು ಬರಲಾರದು.

ಹಾಗಾಗಿ ನೂಲಿನ ಕಡೆ ಹೋದೆವು. ಉಳಿದಿದ್ದ ನೂಲಿನುಂಡೆಗಳನ್ನು ತರಿಸಿ ಹುರಿ ಎಣಿಸಿದೆವು. ಹೆಣಿಗೆ ನೂಲಿನಲ್ಲಿ ಇಂಚಿಗೆ 19 ಇರಬೇಕಾದ ಕಡೆ 22 ಇತ್ತು. ನೂಲಿನವರು ಹುರಿಯನ್ನು ಅಂದಾಜಿನಿಂದ ಹಾಕುವುದಿಲ್ಲ. ನಂಬರಿನ ವರ್ಗಮೂಲವನ್ನು ಒಂದು ಗುಣಕದಿಂದ ಗುಣಿಸುತ್ತಾರೆ. 30ರ ವರ್ಗಮೂಲ ಸುಮಾರು 5.48. ಹೆಣಿಗೆಗೆ ಗುಣಕ ಮೂರೂವರೆಯ ಆಸುಪಾಸು, ಹಾಗಾಗಿ 19. ನಮ್ಮ ನೂಲಿನ ಗುಣಕ ನಾಲ್ಕು ಬಂತು. ಅದು ಮಗ್ಗಕ್ಕೆ ಹೋಗುವ ನೂಲಿನ ಹತ್ತಿರದ ಲೆಕ್ಕ. ಮಗ್ಗದಲ್ಲಿ ನೂಲು ಬಹಳ ಎಳೆತ ತಡೆಯಬೇಕು, ಅದಕ್ಕೆ ಹುರಿ ಜಾಸ್ತಿ ಬೇಕು. ಹೆಣಿಗೆಗೆ ಅಷ್ಟು ಬಲ ಬೇಡ, ಮೆತ್ತಗಿರಬೇಕು. ಅವಸರದಲ್ಲಿ ಎಲ್ಲಿ ಸಿಕ್ಕಿತೋ ಅಲ್ಲಿಂದ ನೂಲು ಕೊಂಡಿದ್ದರು. ನಂಬರ್ ನೋಡಿದ್ದರು, ಹುರಿ ನೋಡಿರಲಿಲ್ಲ. ಇಂಚಿಗೆ ಮೂರು ಸುತ್ತು ಹೆಚ್ಚು ಅಂದರೆ ಕೇಳಲು ಸಣ್ಣದು. ಆದರೆ ಅದು ಪ್ರತಿ ಕುಣಿಕೆಯಲ್ಲೂ ಇದೆ, 1300 ಸಲ ಕೂಡುತ್ತಾ ಹೋಗುತ್ತದೆ.

ಹಾಗಿದ್ದರೆ ಹುರಿಯನ್ನು ಇನ್ನೂ ಇಳಿಸಬಾರದೇ ಅಂತ ಒಬ್ಬರು ಚೀಟಿ ಕಳಿಸಿದ್ದಾರೆ. ಒಳ್ಳೆಯ ಪ್ರಶ್ನೆ. ಒಂದು ಮಿತಿಯವರೆಗೆ ಇಳಿಸಬಹುದು. ಅದರ ಕೆಳಗೆ ನೂಲು ಸೂಜಿಯಲ್ಲಿ ಕಡಿಯಲು ಶುರುವಾಗುತ್ತದೆ, ಬಟ್ಟೆಯಲ್ಲಿ ತೂತು ಬೀಳುತ್ತದೆ. ಹತ್ತಿಯ ಎಳೆ ಉದ್ದವಾಗಿದ್ದಷ್ಟೂ ಕಡಿಮೆ ಹುರಿಯಲ್ಲೇ ಬಲ ಸಿಗುತ್ತದೆ. ಗಿಡ್ಡ ಎಳೆಯ ಅಗ್ಗದ ಹತ್ತಿಗೆ ಹುರಿ ಜಾಸ್ತಿ ಹಾಕಲೇಬೇಕು. ಅಗ್ಗದ ಟೀ ಶರ್ಟು ಜಾಸ್ತಿ ತಿರುಗುವುದಕ್ಕೆ ಇದೂ ಒಂದು ಕಾರಣ. ನೂಲಿನುಂಡೆಗೆ ಹಬೆ ಕೊಡುವುದೂ ಉಂಟು. ಮುಚ್ಚಿದ ಪಾತ್ರೆಯಲ್ಲಿ ಹಬೆ ಬಿಟ್ಟಾಗ ಎಳೆಗಳು ತಿರುಚಿದ ಸ್ಥಿತಿಗೆ ಸ್ವಲ್ಪ ಒಗ್ಗಿಕೊಳ್ಳುತ್ತವೆ, ನೂಲು ಗಂಟು ಬೀಳದೆ ಮಿಷನ್ನಿನಲ್ಲಿ ಚೆನ್ನಾಗಿ ಓಡುತ್ತದೆ. ಆದರೆ ಹತ್ತಿಗೆ ಅದು ಶಾಶ್ವತ ಮದ್ದಲ್ಲ. ಒದ್ದೆಯಾದಾಗ ಆ ಬಲದ ಒಂದು ಪಾಲು ವಾಪಸು ಬರುತ್ತದೆ.

ಸಾಲುಗಳು ಒಂದರ ಹತ್ತಿರ ಒಂದು ಒತ್ತಾಗಿ, ಅಂದರೆ ಕುಣಿಕೆ ಚಿಕ್ಕದಾಗಿ ಹೆಣೆದರೆ ತಿರುಗುವುದು ಕಡಿಮೆಯಾಗುತ್ತದೆ. ತುಂಬಿದ ಬಸ್ಸಿನಲ್ಲಿ ನಿಂತವರು ಮಗ್ಗಲು ತಿರುಗಲು ಆಗದ ಹಾಗೆ. ಸಡಿಲ ಹೆಣಿಗೆಯ ತೆಳು ಟೀ ಶರ್ಟಿಗೆ ಈ ಕಾಟ ಹೆಚ್ಚು. ಆದರೆ ಒತ್ತಾಗಿ ಹೆಣೆದರೆ ನೂಲು ಜಾಸ್ತಿ ಹೋಗುತ್ತದೆ, ಬಟ್ಟೆ ಭಾರವಾಗುತ್ತದೆ, ಬೆಲೆ ಏರುತ್ತದೆ. ಎಲ್ಲ ಕಡೆ ಜಗ್ಗಾಟ ನಡೆಯುವುದು ಇಲ್ಲೇ.

ಈಗ ಆ ಹೊಲಿಗೆ ದಾರಕ್ಕೆ ಬರೋಣ. ತೆಂಗಿನ ನಾರಿನ ಹಗ್ಗ ಹೊಸೆಯುವುದನ್ನು ನೋಡಿದ್ದೀರಾ? ಮೊದಲು ಒಂದೊಂದು ಎಳೆಯನ್ನು ಒಂದು ಕಡೆಗೆ ಹೊಸೆಯುತ್ತಾರೆ. ಆಮೇಲೆ ಎರಡು ಎಳೆ ಸೇರಿಸಿ ಉಲ್ಟಾ ಕಡೆಗೆ ಹುರಿ ಹಾಕುತ್ತಾರೆ. ಒಂಟಿ ಎಳೆ ಬಿಚ್ಚಿಕೊಳ್ಳಲು ಹೋದರೆ ಜೋಡಿ ಬಿಗಿಯಾಗುತ್ತದೆ, ಜೋಡಿ ಬಿಚ್ಚಿಕೊಳ್ಳಲು ಹೋದರೆ ಎಳೆ ಬಿಗಿಯಾಗುತ್ತದೆ. ಎರಡೂ ಒಂದನ್ನೊಂದು ತಡೆದು ಹಗ್ಗ ಸುಮ್ಮನೆ ಬಿದ್ದುಕೊಂಡಿರುತ್ತದೆ. ಹೊಲಿಗೆ ದಾರವೂ ಹಾಗೆಯೇ, ಎರಡು ಮೂರು ಎಳೆಯನ್ನು ಉಲ್ಟಾ ಹುರಿಯಲ್ಲಿ ಸೇರಿಸಿದ್ದು. ಅದಕ್ಕೇ ಅದು ನಿಮ್ಮ ಕೈಯಲ್ಲಿ ಸುತ್ತಿಕೊಳ್ಳಲಿಲ್ಲ. ಇಂಥ ಜೋಡಿ ನೂಲಿನಿಂದ ಹೆಣೆದ ಬಟ್ಟೆ ಬಹಳ ಕಡಿಮೆ ತಿರುಗುತ್ತದೆ. ಖರ್ಚು ಜಾಸ್ತಿ, ಅದಕ್ಕೆ ದುಬಾರಿ ಟೀ ಶರ್ಟುಗಳಲ್ಲಿ ಮಾತ್ರ ಸಿಗುತ್ತದೆ. ಇನ್ನೊಂದು ಉಪಾಯ ಒಂದು ಸಾಲು ಝಡ್ ಹುರಿಯ ನೂಲು, ಮುಂದಿನ ಸಾಲು ಎಸ್ ಹುರಿಯ ನೂಲು ಹಾಕಿ ಹೆಣೆಯುವುದು. ಒಂದು ಬಲಕ್ಕೆ ದೂಡಿದರೆ ಇನ್ನೊಂದು ಎಡಕ್ಕೆ ದೂಡುತ್ತದೆ. ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಎರಡು ಬಗೆಯ ನೂಲು ಗೋದಾಮಿನಲ್ಲಿ ಅದಲುಬದಲಾದರೆ ಬಟ್ಟೆಯಲ್ಲಿ ಪಟ್ಟೆ ಕಾಣಿಸಿಕೊಳ್ಳುತ್ತದೆ.

ಹೆಣಿಗೆಯಲ್ಲೇ ಈ ಸಮತೋಲ ಇರುವುದೂ ಉಂಟು. ನಿಮ್ಮ ಸ್ವೆಟರಿನ ಮುಂಗೈ ಪಟ್ಟಿ ನೋಡಿ, ಒಂದು ಕಂಬ ಮುಂದೆ ಮುಖ ಮಾಡಿದ್ದರೆ ಮುಂದಿನದು ಹಿಂದೆ ಮುಖ ಮಾಡಿರುತ್ತದೆ. ಇದು ರಿಬ್. ನೂಲು ಒಂದೇ ಆದರೂ ಮುಂದಿನ ಕುಣಿಕೆ ಒಂದು ಕಡೆ ವಾಲಿದರೆ ಹಿಂದಿನದು ಇನ್ನೊಂದು ಕಡೆ ವಾಲುತ್ತದೆ. ಕೂಡಿ ಕಳೆದು ಸೊನ್ನೆ. ಇಂಟರ್‌ಲಾಕ್ ಬಟ್ಟೆಯೂ ಹೀಗೇ. ಇನ್ನು ಬನಿಯನ್? ಕೆಲವು ಬನಿಯನ್‌ಗಳಿಗೆ ಪಕ್ಕದ ಹೊಲಿಗೆಯೇ ಇರುವುದಿಲ್ಲ. ಕೊಳವೆಯ ಹಾಗೆ ಹೆಣೆದ ಬಟ್ಟೆಯನ್ನು ಹಾಗೇ ಬಳಸಿರುತ್ತಾರೆ. ಅದೂ ತಿರುಗುತ್ತದೆ, ಆದರೆ ತೋರಿಸಿಕೊಡುವ ಹೊಲಿಗೆ ಇಲ್ಲ.

ಜೀನ್ಸ್ ಪ್ಯಾಂಟಿನ ಕಾಲೂ ಒಗೆದ ಮೇಲೆ ತಿರುಗುತ್ತದಲ್ಲ ಅಂತ ನೀವು ಕೇಳಬಹುದು. ಅದು ನೇಯ್ದ ಬಟ್ಟೆಯಾದರೂ ತಿರುಗುತ್ತದೆ, ಯಾಕೆಂದರೆ ಅದರ ನೇಯ್ಗೆ ಓರೆಗೆರೆಯದು, ಎರಡು ಕಡೆ ಸಮವಾಗಿಲ್ಲ. ಡೆನಿಮ್ ಗಿರಣಿಗಳು ಅದಕ್ಕೆ ಕಂಡುಕೊಂಡ ದಾರಿ ನನಗೆ ಬಹಳ ಇಷ್ಟ. ಒಗೆದ ಮೇಲೆ ಬಟ್ಟೆ ಎತ್ತ ವಾಲುತ್ತದೋ ಅತ್ತ ಕಡೆಗೇ ಮೊದಲೇ ವಾಲಿಸಿ ಕಳಿಸುತ್ತಾರೆ. ರೋಲಿನಲ್ಲಿ ನೋಡಿದರೆ ಓರೆ ಕಾಣುತ್ತದೆ. ಆದರೆ ಇನ್ನು ವಾಲಲು ಉಳಿದಿರುವುದಿಲ್ಲ.

ನಮ್ಮ ಆರ್ಡರಿನಲ್ಲಿ ಉಳಿದ ಬಟ್ಟೆಗೆ ನಾವು ಮಾಡಿದ್ದೂ ಇದೇ ದಾರಿಯದು. ನೂಲು ಬದಲಿಸುವ ಹಾಗಿರಲಿಲ್ಲ, ಅದು ಆಗಲೇ ಬಟ್ಟೆಯಾಗಿತ್ತು. ಬಟ್ಟೆಯನ್ನು ಮತ್ತೆ ಒದ್ದೆ ಮಾಡಿಸಿ, ಎಳೆಯದೆ ಸಡಿಲವಾಗಿ ಒಣಗಿಸಿದೆವು. ಕಂಬಗಳು ತಮಗೆ ಬೇಕಾದಷ್ಟು ವಾಲಿದವು. ಸ್ಟೆಂಟರಿನಲ್ಲಿ ಅಗಲ ಮಾತ್ರ ಹಿಡಿಯಿರಿ, ಕಂಬ ನೇರ ಮಾಡಬೇಡಿ ಅಂದೆವು. ಕತ್ತರಿಸುವಾಗ ಪ್ಯಾಟರ್ನನ್ನು ಕಂಬಕ್ಕೆ ಸರಿಯಾಗಿ ಇಡದೆ ಅಡ್ಡ ಸಾಲಿಗೆ ನೆಟ್ಟಗೆ ಇಟ್ಟೆವು. ಹೊಲಿಗೆ ಕಂಬಗಳನ್ನು ದಾಟಿಕೊಂಡು ಹೋಯಿತು. ಕಟಿಂಗ್ ಮಾಸ್ಟರ್‌ಗೆ ಇದು ಸ್ವಲ್ಪವೂ ಹಿಡಿಸಲಿಲ್ಲ. "ಸರ್, ಇಷ್ಟು ವರ್ಷದಲ್ಲಿ ಯಾರೂ ಹೀಗೆ ಓರೆ ಕತ್ತರಿಸು ಅಂದಿಲ್ಲ" ಅಂದರು. ಒಗೆದು ಅಳೆದಾಗ ಹೊಲಿಗೆ ಸರಿದದ್ದು ಎರಡು ಸೆಂಟಿಮೀಟರಿನ ಹತ್ತಿರ. ಷರತ್ತಿನ ಒಳಗೆ ಬಂತು. ಇದಕ್ಕೆ ಮಿತಿ ಇದೆ. ಸಾದಾ ಬಣ್ಣದ ಬಟ್ಟೆಗೆ ಸರಿ, ಕಂಬಗಳ ಓರೆ ಯಾರಿಗೂ ಕಾಣುವುದಿಲ್ಲ. ಉದ್ದುದ್ದ ಪಟ್ಟೆ ಇರುವ ಬಟ್ಟೆಯಾಗಿದ್ದರೆ ಪಟ್ಟೆಗಳೇ ಓರೆಯಾಗಿ ಎದ್ದು ಕಾಣುತ್ತಿದ್ದವು. ಮುಂದಿನ ಲಾಟಿಗೆ ಇಂಚಿಗೆ 19 ಹುರಿಯ ನೂಲನ್ನೇ ತರಿಸಿದೆವು.

ಕೊನೆಯದಾಗಿ, ಮನೆಯಲ್ಲಿ ಆಗಲೇ ತಿರುಗಿರುವ ಟೀ ಶರ್ಟನ್ನು ಏನು ಮಾಡುವುದು ಅಂತ ಬಹಳ ಜನ ಕೇಳಿದ್ದೀರಿ. ಒದ್ದೆ ಇರುವಾಗ ಉಲ್ಟಾ ಕಡೆಗೆ ಎಳೆದು, ಹರಡಿ ಒಣಗಿಸಿ, ಇಸ್ತ್ರಿ ಹಾಕಿದರೆ ಹೊಲಿಗೆ ಜಾಗಕ್ಕೆ ಬರುತ್ತದೆ. ಆದರೆ ನೀವು ಮಾಡಿದ್ದು ಸ್ಟೆಂಟರಿನ ಕೆಲಸವನ್ನೇ, ಮುಂದಿನ ಒಗೆತದ ತನಕ ಮಾತ್ರ. ಬಟ್ಟೆ ಚೆನ್ನಾಗಿದ್ದು ಸ್ವಲ್ಪ ದೊಗಲೆ ಇದ್ದರೆ ಇನ್ನೊಂದು ದಾರಿ ಇದೆ. ನಾಲ್ಕೈದು ಸಲ ಒಗೆದು ಅದು ತಿರುಗುವಷ್ಟು ತಿರುಗಲಿ. ಆಮೇಲೆ ಅದನ್ನು ಎಳೆಯದೆ ಮೇಜಿನ ಮೇಲೆ ಹರಡಿ. ಪಕ್ಕದ ಹೊಲಿಗೆ ಬಿಚ್ಚಿ, ಅಂಚಿಗೆ ನೆಟ್ಟಗೆ ಹೊಸ ಗೆರೆ ಹಾಕಿ, ಮುಂದಿನ ಹಿಂದಿನ ತುಂಡುಗಳನ್ನು ಆ ಗೆರೆಗೆ ಕತ್ತರಿಸಿ ಮತ್ತೆ ಹೊಲಿಸಿ. ಅಗಲದಲ್ಲಿ ನಾಲ್ಕೈದು ಸೆಂಟಿಮೀಟರ್ ಹೋಗುತ್ತದೆ. ಹೊಲಿಗೆ ಆಮೇಲೆ ಅಲ್ಲೇ ನಿಲ್ಲುತ್ತದೆ.